ಎಕ್ಯೂಐ ಒಂದು ಅಂಕಿ ಹೇಳಿದರೆ ಅರ್ಧ ಸುದ್ದಿ

"ಇಂದು ಗಾಳಿಯ ಗುಣಮಟ್ಟ 140, ಮಧ್ಯಮ." ಟಿವಿಯಲ್ಲಿ, ಮೊಬೈಲಿನಲ್ಲಿ ಸುದ್ದಿ ಇಷ್ಟಕ್ಕೇ ಮುಗಿಯುತ್ತದೆ. ಆ 140 ಎಲ್ಲಿಂದ ಬಂತು, ಯಾವುದರಿಂದ ಬಂತು ಎಂದು ಯಾರೂ ಹೇಳುವುದಿಲ್ಲ. ಲೆಕ್ಕವೇನೂ ಕಷ್ಟದ್ದಲ್ಲ. ಬಡ್ಡಿ ಲೆಕ್ಕ ಹಾಕಬಲ್ಲವರು ಇದನ್ನೂ ಹಾಕಬಹುದು.

ನಮ್ಮ ದೇಶದಲ್ಲಿ ಈ ಸೂಚ್ಯಂಕ ಜಾರಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಎಂಟು ಮಾಲಿನ್ಯಕಾರಕಗಳನ್ನು ಇದರಲ್ಲಿ ಸೇರಿಸಿದೆ. ನಮಗೆ ಮುಖ್ಯವಾದವು ಎರಡು: ಕಣ್ಣಿಗೆ ಕಾಣದ ಸಣ್ಣ ಕಣ, ಅಂದರೆ ಪಿಎಂ 2.5. ಅದಕ್ಕಿಂತ ದಪ್ಪನೆಯ ಧೂಳೂ ಸೇರಿದ್ದು ಪಿಎಂ 10. ಹೊಗೆಯಲ್ಲಿ ಮೊದಲನೆಯದು ಹೆಚ್ಚು, ಜಲ್ಲಿ ಕ್ರಷರ್ ಮತ್ತು ಮಣ್ಣು ರಸ್ತೆಯ ಧೂಳಿನಲ್ಲಿ ಎರಡನೆಯದು ಹೆಚ್ಚು.

ಪ್ರತಿಯೊಂದಕ್ಕೂ ಮಂಡಳಿ ಮೆಟ್ಟಿಲುಗಳನ್ನು ಕಟ್ಟಿದೆ. ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 10 ನೂರು ಮೈಕ್ರೋಗ್ರಾಂ ಇದ್ದರೆ ಅಂಕ 100. 250 ಮೈಕ್ರೋಗ್ರಾಂ ಇದ್ದರೆ ಅಂಕ 200. ನಡುವೆ ಎಷ್ಟಿದ್ದರೂ ಅದೇ ಪ್ರಮಾಣದಲ್ಲಿ ಅಂಕ ಏರುತ್ತದೆ. ಒಂದು ಊರಿನಲ್ಲಿ 160 ಮೈಕ್ರೋಗ್ರಾಂ ಇದೆ ಎನ್ನೋಣ. ನೂರರ ಮೆಟ್ಟಿಲು ದಾಟಿ 60 ಮೇಲೆ ಹೋಗಿದೆ. ಆ ಮೆಟ್ಟಿಲಿನ ಅಗಲ 150, ಅದಕ್ಕೆ ಸಿಗುವ ಅಂಕ 100. ಹಾಗಾಗಿ:

100 + (60 × 100 ÷ 150) = 140

ಇದು ಪಿಎಂ 10ರ ಉಪಸೂಚ್ಯಂಕ. ಅದೇ ದಿನ ಪಿಎಂ 2.5 ಇದ್ದದ್ದು 48. ಇದರ ಮೆಟ್ಟಿಲು ಬೇರೆ: 30ಕ್ಕೆ ಅಂಕ 50, 60ಕ್ಕೆ ಅಂಕ 100. ಲೆಕ್ಕ ಹಾಕಿದರೆ 80 ಬರುತ್ತದೆ. ವಾಹನದ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ 20 ಇತ್ತು, ಅದರ ಅಂಕ 25.

ಈಗ ಮೂರು ಅಂಕ ಸಿಕ್ಕವು: 140, 80, 25. ಇವನ್ನು ಕೂಡಿಸಿ ಮೂರರಿಂದ ಭಾಗಿಸುವುದಿಲ್ಲ. ಹಾಗೆ ಮಾಡಿದ್ದರೆ 82 ಬಂದು "ತೃಪ್ತಿಕರ" ಎಂದಾಗುತ್ತಿತ್ತು, ಧೂಳು ಮುಚ್ಚಿಹೋಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಅಂಕವೇ ಊರಿನ ಎಕ್ಯೂಐ. ಅದು 140, ಅಂದರೆ "ಮಧ್ಯಮ". ಮಧ್ಯಮ ಎಂಬ ಪದ ಕೇಳಿ ಸುಮ್ಮನಾಗಬೇಡಿ. ಆಸ್ತಮಾ, ಹೃದಯದ ತೊಂದರೆ ಇರುವವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಉಸಿರಾಟಕ್ಕೆ ತೊಂದರೆಯಾಗಬಹುದು ಎಂದೇ ಅದರ ವಿವರಣೆ.

ಅದಕ್ಕೇ ನನ್ನ ಮೊದಲ ತಕರಾರು: ಅಂಕಿಯ ಜೊತೆ ಕಾರಣವನ್ನೂ ಹೇಳಿ. ಈ 140 ಧೂಳಿನಿಂದ ಬಂದದ್ದು. ಇಲ್ಲಿ ಕ್ರಷರಿಗೆ ನೀರು ಹೊಡೆಸಬೇಕು, ಟಿಪ್ಪರಿಗೆ ಟಾರ್ಪಾಲು ಹಾಕಿಸಬೇಕು. ಅದೇ 140 ಪಿಎಂ 2.5ರಿಂದ ಬಂದಿದ್ದರೆ ಹುಡುಕಬೇಕಾದದ್ದು ಹೊಗೆಯ ಮೂಲವನ್ನು. ಅಂಕಿ ಒಂದೇ, ಮಾಡಬೇಕಾದ ಕೆಲಸ ಬೇರೆ. ಮಂಡಳಿ ತನ್ನ ದಿನದ ಪ್ರಕಟಣೆಯಲ್ಲಿ ಮುಖ್ಯ ಮಾಲಿನ್ಯಕಾರಕ ಯಾವುದೆಂದು ಬರೆಯುತ್ತದೆ. ಅದನ್ನು ಬಿಟ್ಟು ಅಂಕಿ ಮಾತ್ರ ಎತ್ತಿಕೊಳ್ಳುವವರು ನಾವು, ಸುದ್ದಿಯವರು.

ಎರಡನೆಯದು ಸಮಯದ್ದು. ಪಿಎಂ ಲೆಕ್ಕ ನಡೆಯುವುದು 24 ಗಂಟೆಯ ಸರಾಸರಿಯ ಮೇಲೆ. ಸಂಜೆ ನಾಲ್ಕು ಗಂಟೆ ಕಾಲ ಗದ್ದೆಯಲ್ಲಿ ಕಬ್ಬಿನ ರವದಿ ಸುಟ್ಟರು, ಆಗ ಪಿಎಂ 2.5 ಏರಿ 210 ಆಯಿತು ಎನ್ನಿ. ಉಳಿದ 20 ಗಂಟೆ 30 ಇತ್ತು. ಸರಾಸರಿ ತೆಗೆದರೆ ಸರಿಯಾಗಿ 60. ಅಂಕ 100, ಹಣೆಪಟ್ಟಿ "ತೃಪ್ತಿಕರ". 210 ಇಡೀ ದಿನ ಇದ್ದಿದ್ದರೆ ಅಂಕ 369 ಆಗಿ "ಅತಿ ಕಳಪೆ" ಎನ್ನುತ್ತಿದ್ದರು. ಆ ನಾಲ್ಕು ಗಂಟೆ ಕೆಮ್ಮಿದ ಅಜ್ಜಿಗೆ ದಿನದ ಸರಾಸರಿ ಸಮಾಧಾನ ಹೇಳುವುದಿಲ್ಲ.

ಸರಾಸರಿಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ದಿನವಿಡೀ ಉಸಿರಾಡಿದ್ದನ್ನು ಅಳೆಯಲು ಅದು ಬೇಕು. ಆದರೆ ಗಂಟೆವಾರು ಅಳತೆಯೂ ಪಕ್ಕದಲ್ಲಿರಬೇಕು. ಹಳ್ಳಿಯ ಮಾಲಿನ್ಯ ಹೆಚ್ಚಾಗಿ ಹೊತ್ತು ನೋಡಿ ಬರುವಂಥದ್ದು: ಸಂಜೆಯ ಹೊಗೆ, ಬೆಳಗಿನ ಟಿಪ್ಪರ್ ಸಾಲು.

ಮೊಬೈಲಿನಲ್ಲಿ ನೋಡುವವರಿಗೆ ಇನ್ನೊಂದು ಮಾತು. ಕೆಲವು ಆ್ಯಪ್‌ಗಳು ಅಮೆರಿಕದ ಮೆಟ್ಟಿಲುಗಳನ್ನು ಬಳಸುತ್ತವೆ. ಪಿಎಂ 2.5 ಅರವತ್ತಿದ್ದರೆ ನಮ್ಮಲ್ಲಿ 100, ಅವರಲ್ಲಿ 150 ದಾಟುತ್ತದೆ. ಗಾಳಿ ಅದೇ, ಅಳತೆಗೋಲು ಬೇರೆ. ಎರಡು ಆ್ಯಪ್‌ಗಳ ಅಂಕಿ ಹೊಂದದಿದ್ದರೆ ಅಂಕಿ ಬಿಟ್ಟು ಮೈಕ್ರೋಗ್ರಾಂ ಎಷ್ಟಿದೆ ನೋಡಿ.

ಇನ್ನು ಮುಂದೆ ಯಾರಾದರೂ ಎಕ್ಯೂಐ ಹೇಳಿದರೆ ಎರಡೇ ಪ್ರಶ್ನೆ ಕೇಳಿ: ಯಾವುದರಿಂದ ಬಂತು? ಯಾವ ಹೊತ್ತಿನಲ್ಲಿ ಏರಿತು? ಗ್ರಾಮಸಭೆಯಲ್ಲಿ ಕ್ರಷರಿನ ಮಾತು ಬಂದಾಗ "ಮಧ್ಯಮ ಇದೆಯಲ್ಲ ಬಿಡಿ" ಎನ್ನುವವರಿಗೂ ಇವೇ ಪ್ರಶ್ನೆ.