'ಬರದಿದ್ದರೆ ಸಂಬಳ ಕಟ್' ಎಂಬ ಮೆಸೇಜ್ ನೋಟಿಸ್ ಅಲ್ಲ

"ಎಲ್ಲರೂ ಶುಕ್ರವಾರದೊಳಗೆ ಪಾಶ್ ಟ್ರೈನಿಂಗ್ ಮುಗಿಸಿ. ಬರದವರಿಗೆ ಒಂದು ದಿನದ ಸಂಬಳ ಕಟ್. ಗವರ್ನಮೆಂಟ್ ಫೈನ್ 50 ಸಾವಿರ ಇದೆ, ನೆನಪಿರಲಿ."

ಕೊಳ್ಳೇಗಾಲದ ಒಂದು ಹೊಲಿಗೆ ಘಟಕದ ವಾಟ್ಸಾಪ್ ಗುಂಪಿಗೆ ರಾತ್ರಿ ಒಂಬತ್ತಕ್ಕೆ ಹೀಗೊಂದು ಮೆಸೇಜ್ ಬಂತು ಎಂದುಕೊಳ್ಳೋಣ. ಇದು ನಾವೇ ಕಟ್ಟಿದ ಉದಾಹರಣೆ. ಆದರೆ ಕೆಲಸಕ್ಕೆ ಹೋಗುವವರಿಗೆ ಈ ಧಾಟಿ ಹೊಸದಲ್ಲ. ಮೂರೇ ಸಾಲಿನ ಈ ಮೆಸೇಜಿನಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು 50 ಸಾವಿರದ ಮಾತು. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾಯ್ದೆಯನ್ನೇ ಎಲ್ಲರೂ ಪಾಶ್ ಎನ್ನುವುದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ಕೇಳಲು ಆಂತರಿಕ ಸಮಿತಿ ಇರಬೇಕು, ಆಗಾಗ ತರಬೇತಿ ನಡೆಸಬೇಕು ಎಂದು ಅದು ಹೇಳುತ್ತದೆ. ಈ ಹೊಣೆ ಮಾಲೀಕರದ್ದು. 50 ಸಾವಿರದವರೆಗಿನ ದಂಡವೂ ಕಾಯ್ದೆ ಪಾಲಿಸದ ಮಾಲೀಕರಿಗೇ. ತರಬೇತಿ ತಪ್ಪಿಸಿದ ಕಾರ್ಮಿಕರಿಗೆ ಈ ಕಾಯ್ದೆಯಲ್ಲಿ ದಂಡವಿಲ್ಲ. ಯಾರ ರಕ್ಷಣೆಗೆ ಕಾನೂನು ಬಂತೋ, ಆ ಹೆಣ್ಣುಮಕ್ಕಳನ್ನೇ ಅದರ ಹೆಸರಿನಲ್ಲಿ ಹೆದರಿಸಿದಂತಾಯಿತು.

ಎರಡನೆಯದು ಸಂಬಳ ಕಟ್. 1936ರ ವೇತನ ಪಾವತಿ ಕಾಯ್ದೆಯೂ, ಅದರ ಜಾಗಕ್ಕೆ ತಂದ 2019ರ ವೇತನ ಸಂಹಿತೆಯೂ ಇದರಲ್ಲಿ ಒಂದೇ ಮಾತು ಹೇಳುತ್ತವೆ. ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಮೊದಲೇ ಸರ್ಕಾರದ ಒಪ್ಪಿಗೆ ಇರಬೇಕು. ಅದನ್ನು ಕೆಲಸದ ಜಾಗದಲ್ಲಿ ಪ್ರಕಟಿಸಿರಬೇಕು. ದಂಡ ಹಾಕುವ ಮುಂಚೆ ಕಾರಣ ಹೇಳಿಕೊಳ್ಳಲು ಅವಕಾಶ ಕೊಡಬೇಕು. ಇಷ್ಟಾದರೂ ಒಂದು ತಿಂಗಳ ಒಟ್ಟು ದಂಡ ಸಂಬಳದ ಶೇ 3 ದಾಟುವಂತಿಲ್ಲ. ತಿಂಗಳಿಗೆ 12,000 ರೂಪಾಯಿ ಸಂಬಳವಿದ್ದರೆ ಶೇ 3 ಅಂದರೆ 360 ರೂಪಾಯಿ. 26 ದಿನದ ಲೆಕ್ಕದಲ್ಲಿ ಒಂದು ದಿನದ ಸಂಬಳ ಸುಮಾರು 462 ರೂಪಾಯಿ. ಅಂದರೆ 'ಒಂದು ದಿನದ ಸಂಬಳ' ಎಂಬ ದಂಡವೇ ಮಿತಿ ಮೀರಿದ್ದು. ಕೆಲಸಕ್ಕೇ ಬರದಿದ್ದರೆ ಆ ಹೊತ್ತಿನ ಸಂಬಳ ಕಡಿತವಾಗುವುದು ಬೇರೆ ವಿಷಯ. ಅದನ್ನೂ ದಂಡವನ್ನೂ ಬೆರೆಸಬಾರದು.

ಹಾಗೆಂದು ತರಬೇತಿಗೆ ಹೋಗದಿದ್ದರೆ ಏನೂ ಆಗದು ಎಂದು ನಾವು ಹೇಳುತ್ತಿಲ್ಲ. ಕೆಲಸದ ಭಾಗವಾಗಿ ಕೊಟ್ಟ ಸೂಚನೆಯನ್ನು ಬೇಕೆಂದೇ ಮೀರಿದರೆ ಕಂಪನಿಯ ನಿಯಮದಂತೆ ವಿವರಣೆ ಕೇಳಬಹುದು, ಶಿಸ್ತುಕ್ರಮವೂ ಬರಬಹುದು. ಪರಿಣಾಮವನ್ನು ಇರುವಷ್ಟೇ ಹೇಳಬೇಕು. ಹಿಗ್ಗಿಸಬಾರದು, ಮುಚ್ಚಿಡಲೂಬಾರದು. ಅದೇ ಮೆಸೇಜನ್ನು ನೋಟಿಸ್ ಮಾಡಿದರೆ ಹೀಗಿರಬಹುದು:

ಸೂಚನೆ

*ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆ ಕುರಿತ ತರಬೇತಿ ಇದೇ ತಿಂಗಳ 18ರಂದು ಬೆಳಿಗ್ಗೆ 11ರಿಂದ 1ರವರೆಗೆ ಊಟದ ಹಾಲ್‌ನಲ್ಲಿ ನಡೆಯಲಿದೆ. ಕನ್ನಡದಲ್ಲಿ ಇರುತ್ತದೆ. ಈ ಎರಡು ಗಂಟೆಯನ್ನು ಕೆಲಸದ ಸಮಯವೆಂದೇ ಎಣಿಸಿ ಸಂಬಳ ಕೊಡಲಾಗುವುದು.*

*ಎಲ್ಲ ಕಾರ್ಮಿಕರು, ಸೂಪರ್‌ವೈಸರ್‌ಗಳು ಹಾಜರಾಗಬೇಕು. ಅಂದು ಬರಲಾಗದವರು 25ರಂದು ಇದೇ ಸಮಯಕ್ಕೆ ಬರಬಹುದು. ಎರಡೂ ದಿನ ಬರಲಾಗದಿದ್ದರೆ ಕಾರಣವನ್ನು 27ರೊಳಗೆ ಸಿಬ್ಬಂದಿ ವಿಭಾಗಕ್ಕೆ ಬಾಯಿಮಾತಿನಲ್ಲಾಗಲಿ ಬರಹದಲ್ಲಾಗಲಿ ತಿಳಿಸಿ.*

*ಕಾರಣ ತಿಳಿಸದೆ ಎರಡೂ ದಿನ ಗೈರಾದವರಿಂದ ಲಿಖಿತ ವಿವರಣೆ ಕೇಳಲಾಗುವುದು. ವಿವರಣೆ ನೋಡಿದ ನಂತರವೇ ಮುಂದಿನ ತೀರ್ಮಾನ. ತರಬೇತಿಗೆ ಬಾರದವರಿಗೂ ಆಂತರಿಕ ಸಮಿತಿಗೆ ದೂರು ಕೊಡುವ ಹಕ್ಕು ಇದ್ದೇ ಇರುತ್ತದೆ.*

*ಸಹಿ, ಹುದ್ದೆ, ದಿನಾಂಕ*

ಇದರಲ್ಲಿ ಎರಡನೇ ದಿನ ಇಟ್ಟಿರುವುದಕ್ಕೆ ಕಾರಣವಿದೆ. ಹನೂರಿನಾಚೆ ಮಲೆ ಮಹದೇಶ್ವರ ಬೆಟ್ಟದ ಕಡೆಯಿಂದಲೋ, ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಕಡೆಯಿಂದಲೋ ಬರುವವರಿಗೆ ಒಂದು ಬಸ್ ತಪ್ಪಿದರೆ ಬೆಳಗಿನ ಹೊತ್ತೇ ಕೈಬಿಟ್ಟಂತೆ. ಸಿಗ್ನಲ್ ಇಲ್ಲದ ಊರಿನವರಿಗೆ ರಾತ್ರಿಯ ಮೆಸೇಜ್ ಮಾರನೇ ದಿನವೇ ಕಾಣುವುದು. ಮೆಸೇಜ್ ಕಳಿಸಿದ್ದೇವೆ ಎಂದಮಾತ್ರಕ್ಕೆ ತಿಳಿಸಿದಂತಾಗುವುದಿಲ್ಲ. ಅದಕ್ಕೇ ನೋಟಿಸನ್ನು ಗೇಟಿನ ಬಳಿ ಬೋರ್ಡಿಗೆ ಹಚ್ಚಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು. ಕೊನೆಯ ಸಾಲಿನ ಸಹಿಯೂ ಮುಖ್ಯ. ಸಹಿ ಹಾಕುವವರು ಇಲ್ಲದ ದಂಡ ಬರೆಯುವ ಮೊದಲು ಎರಡು ಸಲ ಯೋಚಿಸುತ್ತಾರೆ. ಗುಂಪಿನಲ್ಲಿ ಟೈಪ್ ಮಾಡುವ ಸೂಪರ್‌ವೈಸರ್‌ಗೆ ಆ ಅಳುಕಿಲ್ಲ, ಮೆಸೇಜನ್ನು ಅಳಿಸಿಯೂ ಬಿಡಬಹುದು.

ವಾಟ್ಸಾಪ್ ಬೇಡ ಎಂಬುದು ನಮ್ಮ ವಾದವಲ್ಲ. ಮೊದಲು ಸಹಿಯ ನೋಟಿಸ್ ಬರಲಿ. ಆಮೇಲೆ ಅದರ ಫೋಟೋ ಜೊತೆ "ನಾಳೆ 11ಕ್ಕೆ ತರಬೇತಿ, ಮರೆಯಬೇಡಿ" ಎಂದು ಗುಂಪಿಗೆ ಹಾಕಿದರೆ ಸಾಕು. ನೆನಪಿಸುವ ಮೆಸೇಜಿನಲ್ಲಿ ಹೊಸ ಶಿಕ್ಷೆ ಹುಟ್ಟಬಾರದು.

ನಿಮ್ಮ ಗುಂಪಿಗೂ ಇಂಥ ಮೆಸೇಜ್ ಬಂದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ನಾಲ್ಕು ಜನ ಸೇರಿ ಹೋಗಿ "ಇದರ ನೋಟಿಸ್ ಎಲ್ಲಿದೆ ಸಾರ್, ಯಾವ ನಿಯಮದಡಿ ಈ ಕಟ್?" ಎಂದು ಕೇಳಿ. ಸಂಬಳ ಕಟ್ ಆಗಿಯೇ ಬಿಟ್ಟಿದ್ದರೆ ಸಂಬಳ ಚೀಟಿಯನ್ನೂ ಸ್ಕ್ರೀನ್‌ಶಾಟನ್ನೂ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬಹುದು.