ಕೈಗೆ ಬಂದ ಹಣವೋ, ಬರಲಿರುವ ಹಣವೋ

ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಅದರಲ್ಲಿ ಎಷ್ಟು ಖರ್ಚಾಗುತ್ತದೆ, ಎಷ್ಟು ಉಳಿಯುತ್ತದೆ ಎಂಬುದರ ಹಿಂದೆ ಅರ್ಥಶಾಸ್ತ್ರದ ಒಂದು ಹಳೆಯ ಜಗಳವಿದೆ. ಮನೆಯ ಖರ್ಚನ್ನು ನಿರ್ಧರಿಸುವುದು ಈಗ ಕೈಗೆ ಬಂದ ಆದಾಯವೋ, ಅಥವಾ ಮುಂದೆಯೂ ಬರುತ್ತದೆಂದು ನಂಬಿಕೊಂಡ ಆದಾಯವೋ? ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರಿನಂಥ ಮಳೆಯಾಶ್ರಿತ ಊರಲ್ಲಿ ದಿನಗೂಲಿಯವರೂ ಇದ್ದಾರೆ, ವರ್ಷಕ್ಕೊಮ್ಮೆ ಮಾಲು ಮಾರುವ ರೈತರೂ ಇದ್ದಾರೆ. ಹಾಗಾಗಿ ಎರಡೂ ವಾದಗಳನ್ನು ತೂಗಿ ನೋಡಲು ಅದು ತಕ್ಕ ಜಾಗ.

ಮೊದಲ ವಾದ ಜಾನ್ ಮೇನಾರ್ಡ್ ಕೇನ್ಸ್ 1936ರಲ್ಲಿ ಮಂಡಿಸಿದ್ದು. ಆದಾಯ ಹೆಚ್ಚಿದಾಗ ಜನ ಖರ್ಚನ್ನೂ ಹೆಚ್ಚಿಸುತ್ತಾರೆ, ಆದರೆ ಆದಾಯ ಹೆಚ್ಚಿದಷ್ಟು ಅಲ್ಲ ಎನ್ನುವುದು ಅದರ ತಿರುಳು. ಪಠ್ಯಪುಸ್ತಕಗಳು ಇದನ್ನೇ C = a + bY ಎಂದು ಬರೆದು ಅನುಭೋಗ ಬಿಂಬಕ ಎನ್ನುತ್ತವೆ. C ಎಂದರೆ ಖರ್ಚು, Y ಎಂದರೆ ಆದಾಯ. ಆದಾಯ ಇಲ್ಲದಿದ್ದರೂ ತಪ್ಪದ ಖರ್ಚು a. ಹೆಚ್ಚುವರಿಯಾಗಿ ಬಂದ ಒಂದು ರೂಪಾಯಿಯಲ್ಲಿ ಖರ್ಚಾಗುವ ಪಾಲು b, ಅದೇ ಸೀಮಾಂತ ಅನುಭೋಗ ಪ್ರವೃತ್ತಿ.

ಲೆಕ್ಕಕ್ಕಾಗಿ ಒಂದು ಕೂಲಿ ಕುಟುಂಬವನ್ನು ಊಹಿಸಿಕೊಳ್ಳೋಣ. a ಅನ್ನು 3,000 ರೂಪಾಯಿ, b ಅನ್ನು 0.7 ಎಂದಿಟ್ಟುಕೊಂಡರೆ, ಕೂಲಿ ಕಡಿಮೆ ಸಿಕ್ಕು 8,000 ಮಾತ್ರ ಬಂದ ತಿಂಗಳು ಖರ್ಚು 8,600. ಉಳಿದ 600 ರೂಪಾಯಿ ಅಂಗಡಿಯ ಉದ್ರಿಯೋ ಕೈಸಾಲವೋ ಆಗುತ್ತದೆ. ಆದಾಯ 10,000 ಆದಾಗ ಖರ್ಚೂ ಅಷ್ಟೇ, ಸರಿಸಮ. ಗೃಹಲಕ್ಷ್ಮಿಯ 2,000 ಸೇರಿ 12,000 ಆದರೆ ಖರ್ಚು 11,400. ಅಂದರೆ ಹೊಸದಾಗಿ ಬಂದ ಎರಡು ಸಾವಿರದಲ್ಲಿ 1,400 ಎಣ್ಣೆ, ಬೇಳೆ, ಮಕ್ಕಳ ಫೀಸಿಗೆ ಹೋಗುತ್ತದೆ. 600 ಹಳೆಯ ಉದ್ರಿ ತೀರಿಸಲು ಇಲ್ಲವೇ ಚೀಟಿ ಕಟ್ಟಲು ಉಳಿಯುತ್ತದೆ. ಅಂಕಿಗಳು ಊಹೆಯವಾದರೂ ನಡೆ ಪರಿಚಿತವೇ. ಕೈಬಿಗಿಯಾಗಿದ್ದ ಮನೆಯಲ್ಲಿ ಮುಂದಕ್ಕೆ ಹಾಕಿಟ್ಟ ಅಗತ್ಯಗಳು ಸಾಲುಗಟ್ಟಿ ನಿಂತಿರುತ್ತವೆ. ಆದ್ದರಿಂದಲೇ ಬಡವರ ಮನೆಯಲ್ಲಿ b ದೊಡ್ಡದು, ಉಳ್ಳವರ ಮನೆಯಲ್ಲಿ ಚಿಕ್ಕದು ಎಂದು ಕೇನ್ಸ್ ಕಡೆಯವರು ಹೇಳುತ್ತಾರೆ.

ಎರಡನೆಯ ವಾದ 1957ರಲ್ಲಿ ಮಿಲ್ಟನ್ ಫ್ರೀಡ್‌ಮನ್ ಮುಂದಿಟ್ಟದ್ದು. ಅವರ ಪ್ರಕಾರ ಜನ ನೋಡುವುದು ಈ ತಿಂಗಳ ಆದಾಯವನ್ನಲ್ಲ, ಬಹುಕಾಲ ನಿಲ್ಲುವ ಆದಾಯದ ಅಂದಾಜನ್ನು. ಇದನ್ನು ಅರಿಯಲು ಮೆಕ್ಕೆಜೋಳದ ರೈತರನ್ನು ನೋಡಬೇಕು. ಮೂರು ಎಕರೆಯಲ್ಲಿ 50 ಕ್ವಿಂಟಲ್ ಬಂದು, ಕ್ವಿಂಟಲ್‌ಗೆ 2,000 ಸಿಕ್ಕಿತೆನ್ನಿ. ಒಂದು ಲಕ್ಷ ರೂಪಾಯಿ ಒಟ್ಟಿಗೆ ಕೈಸೇರುತ್ತದೆ. ಬೀಜ, ಗೊಬ್ಬರ, ಆಳು, ಟ್ರ್ಯಾಕ್ಟರ್ ಬಾಡಿಗೆಗೆ 40,000 ಕಳೆದರೆ ಉಳಿದದ್ದು 60,000, ತಿಂಗಳಿಗೆ 5,000ದ ಲೆಕ್ಕ. ಖರ್ಚು ಆ ತಿಂಗಳ ಆದಾಯದ ಹಿಂದೆಯೇ ಓಡುವುದಾಗಿದ್ದರೆ, ಮಾಲು ಮಾರಿದ ತಿಂಗಳು ಹಬ್ಬದೂಟ, ಉಳಿದ ಹನ್ನೊಂದು ತಿಂಗಳು ಉಪವಾಸ ಎಂದಾಗಬೇಕಿತ್ತು. ಯಾವ ರೈತರೂ ಹಾಗೆ ಬಾಳುವುದಿಲ್ಲ.

ಇದಕ್ಕೆ ಕೇನ್ಸ್ ಕಡೆಯಿಂದ ಉತ್ತರವಿದೆ: ತಿಂಗಳನ್ನು ಬಿಟ್ಟು ವರ್ಷವನ್ನು ಅಳತೆಯಾಗಿ ತೆಗೆದುಕೊಂಡರೆ ಸೂತ್ರ ಮತ್ತೆ ಹೊಂದುತ್ತದೆ. ಫ್ರೀಡ್‌ಮನ್ ಕಡೆಯವರು ಅಲ್ಲಿಗೂ ಬಿಡುವುದಿಲ್ಲ. ಒಳ್ಳೆಯ ಮಳೆಯಾಗಿ, ಆ ವರ್ಷ 20,000 ಹೆಚ್ಚು ಉಳಿಯಿತು ಎನ್ನಿ. ಪ್ರತಿ ವರ್ಷ ಹೀಗಿರದೆಂದು ರೈತರಿಗೆ ಗೊತ್ತು. ಆ ಹಣ ಊಟದ ತಟ್ಟೆಗಿಂತ ಹೆಚ್ಚಾಗಿ ಸಾಲ ತೀರಿಸಲು, ನಾಲ್ಕು ಕುರಿ ಕೊಳ್ಳಲು, ಒಂದಿಷ್ಟು ಬಂಗಾರಕ್ಕೆ ಹೋಗುತ್ತದೆ. ಥಾಯ್ಲೆಂಡಿನ ಭತ್ತದ ರೈತರ ಬಗ್ಗೆ ಕ್ರಿಸ್ಟಿನಾ ಪ್ಯಾಕ್ಸನ್ 1992ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ. ಮಳೆಯಿಂದಾಗಿ ಹೆಚ್ಚಿಗೆ ಬಂದ ಆದಾಯದ ಬಹುಪಾಲನ್ನು ಅವರು ಉಳಿಸಿದ್ದರು.

ಹಾಗಾದರೆ ಗೃಹಲಕ್ಷ್ಮಿ ಹಣ ಯಾರ ಪರವಾಗಿ ಸಾಕ್ಷಿ ಹೇಳುತ್ತದೆ? ಇಲ್ಲಿ ಎಚ್ಚರ ಬೇಕು. ಪ್ರತಿ ತಿಂಗಳು ತಪ್ಪದೆ ಬರುವ 2,000ದಲ್ಲಿ ಹೆಚ್ಚಿನದು ಖರ್ಚಾಯಿತೆಂದರೆ ಇಬ್ಬರೂ ಗೆದ್ದಂತೆ. ಕೇನ್ಸ್ ಲೆಕ್ಕದಲ್ಲಿ ಅದು ಇಂದಿನ ಆದಾಯ, ಫ್ರೀಡ್‌ಮನ್ ಲೆಕ್ಕದಲ್ಲಿ ನಿಲ್ಲುವ ಆದಾಯ. ಎರಡನ್ನೂ ಬೇರ್ಪಡಿಸಿ ತೋರಿಸುವುದು ಕಂತು ತಡವಾದ ತಿಂಗಳು. ಹಣ ಮುಂದಿನ ತಿಂಗಳು ಬಂದೇ ಬರುತ್ತದೆ ಎಂಬ ನಂಬಿಕೆ ಇರುವಾಗಲೂ ಮನೆಯವರು ತರಕಾರಿ ಕಡಿಮೆ ತಂದರೆ, ಇಂದಿನ ಆದಾಯವೇ ಖರ್ಚನ್ನು ಹಿಡಿದಿದೆ ಎಂದರ್ಥ. ತರಕಾರಿ ಎಂದಿನಂತೆ ಬಂದು, ಬಾಕಿ ಮಾತ್ರ ಅಂಗಡಿಯ ಪುಸ್ತಕದಲ್ಲಿ ಏರಿದರೆ ಫ್ರೀಡ್‌ಮನ್ ಮಾತು ಸರಿ. ಇದೇ ಪರೀಕ್ಷೆಯನ್ನು ಹಿಂದಕ್ಕೂ ಒಯ್ಯಬಹುದು. 2023ರ ಮೇ ಚುನಾವಣೆಗೆ ಮುಂಚೆಯೇ ಈ ಗ್ಯಾರಂಟಿಯ ಘೋಷಣೆಯಾಗಿತ್ತು, ಹಣ ಬರತೊಡಗಿದ್ದು ಆಗಸ್ಟ್ ಕೊನೆಗೆ. ನಡುವಿನ ತಿಂಗಳುಗಳಲ್ಲೇ ಖರ್ಚು ಏರಿತೇ, ಹಣ ಬಂದ ಮೇಲೆ ಏರಿತೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಇನ್ನೊಂದು ತೊಡಕು ಲೆಕ್ಕ ಬರೆಯುವ ಕ್ರಮದಲ್ಲಿದೆ. ಕಂತುಗಳನ್ನು ಕೂಡಿಟ್ಟು ಫ್ರಿಜ್ಜು, ಹೊಲಿಗೆ ಯಂತ್ರ ಕೊಂಡ ಮಹಿಳೆಯರ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಅಂಗಡಿಯವರ ಪಾಲಿಗೆ ಅದು ನೇರ ಖರ್ಚು. ಫ್ರೀಡ್‌ಮನ್ ಲೆಕ್ಕದಲ್ಲಿ ಮಾತ್ರ ಬಹುಕಾಲ ಬಾಳುವ ವಸ್ತುವನ್ನು ಕೊಳ್ಳುವುದು ಉಳಿತಾಯವೇ, ಅದರಿಂದ ವರ್ಷವರ್ಷ ಸಿಗುವ ಬಳಕೆಯಷ್ಟೇ ಅನುಭೋಗ. ಒಂದೇ ಫ್ರಿಜ್ಜು ಒಬ್ಬರಿಗೆ b ದೊಡ್ಡದೆಂಬುದಕ್ಕೆ ಸಾಕ್ಷಿ, ಇನ್ನೊಬ್ಬರಿಗೆ ಚಿಕ್ಕದೆಂಬುದಕ್ಕೆ. ಊರಿನ ವ್ಯಾಪಾರ ಎಷ್ಟು ಏರುತ್ತದೆ ಎಂಬುದು ಪ್ರಶ್ನೆಯಾದರೆ ಮೊದಲ ಲೆಕ್ಕ ಉಪಯುಕ್ತ; ಮನೆಯ ಬದುಕು ಎಷ್ಟು ಸುಧಾರಿಸಿತು ಎಂಬುದಾದರೆ ಎರಡನೆಯದು.

ಫ್ರೀಡ್‌ಮನ್ ವಾದದ ದುರ್ಬಲ ಜಾಗ ಬರದ ವರ್ಷದಲ್ಲಿ ಕಾಣುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು, ಚಿತ್ರದುರ್ಗವೂ ಆ ಪಟ್ಟಿಯಲ್ಲಿತ್ತು. ಮುಂದಿನ ವರ್ಷ ಮಳೆಯಾದೀತು ಎಂದುಕೊಂಡು ಈ ವರ್ಷದ ಖರ್ಚನ್ನು ಹಾಗೆಯೇ ನಡೆಸಬೇಕಾದರೆ ಕೂಡಿಟ್ಟದ್ದು ಇರಬೇಕು, ಇಲ್ಲವೇ ಸಾಲ ಸಿಗಬೇಕು. ನೂರಕ್ಕೆ ತಿಂಗಳಿಗೆ ಎರಡು ಮೂರು ರೂಪಾಯಿ ಬಡ್ಡಿಯ ಕೈಸಾಲ ತಂದು ಊಟ ಮಾಡುವುದು ಎಷ್ಟು ದಿನ ನಡೆದೀತು? ಕುರಿ ಮಾರೋಣವೆಂದರೆ ಸುತ್ತಲಿನವರೆಲ್ಲ ಅದೇ ಹೊತ್ತಿಗೆ ಮಾರಲು ಬಂದಾಗ ಬೆಲೆ ಇಳಿಯುತ್ತದೆ. ಹಿಂದಿನ ವರ್ಷದವರೆಗೆ ಮುಂದಾಲೋಚನೆಯಿಂದ ಖರ್ಚು ಮಾಡುತ್ತಿದ್ದ ರೈತ ಕುಟುಂಬ, ಕೂಡಿಟ್ಟದ್ದು ಕರಗಿದ ದಿನದಿಂದ ಕೂಲಿ ಕುಟುಂಬದಂತೆಯೇ ಕೈಗೆ ಬಂದಷ್ಟನ್ನೇ ನೆಚ್ಚಿ ಬದುಕಬೇಕಾಗುತ್ತದೆ.

ಕೇನ್ಸ್ ವಾದಕ್ಕೂ ಮಿತಿಯಿದೆ. b ಒಂದು ಸ್ಥಿರ ಸಂಖ್ಯೆ ಎಂದು ಹಿಡಿದು ಊರಿಗೆಲ್ಲ ಅನ್ವಯಿಸಿದರೆ ಲೆಕ್ಕ ತಪ್ಪುತ್ತದೆ. ಅದೇ ಮನೆಯಲ್ಲಿ ತಿಂಗಳ ಕಂತಿಗೆ ಒಂದು b, ಒಮ್ಮೆಗೇ ಬಂದ ಬೆಳೆ ಪರಿಹಾರಕ್ಕೆ ಇನ್ನೊಂದು. ಪರಿಹಾರದ ಹಣ ಸಾಲಕ್ಕೆ ಹೋಯಿತೆಂದು ಆಡಿಕೊಳ್ಳುವವರು ಒಂದನ್ನು ಮರೆಯುತ್ತಾರೆ: ಸಾಲ ತೀರಿದರೆ ಮುಂದಿನ ಬಿತ್ತನೆಗೆ ಮತ್ತೆ ಸಾಲ ಹುಟ್ಟುತ್ತದೆ, ಬಡ್ಡಿಗೆ ಹೋಗುತ್ತಿದ್ದ ಹಣ ಮನೆಯಲ್ಲೇ ಉಳಿಯುತ್ತದೆ.

ಎರಡನ್ನೂ ತೂಗಿದರೆ, ಕೂಡಿಟ್ಟದ್ದೂ ಇಲ್ಲದ, ಸಾಲವೂ ಸಿಗದ ಮನೆಗಳಿಗೆ ಕೇನ್ಸ್ ಮಾತು ಹೆಚ್ಚು ಹತ್ತಿರ. ಎರಡರಲ್ಲಿ ಒಂದಾದರೂ ಇರುವ ಮನೆಗಳಿಗೆ ಫ್ರೀಡ್‌ಮನ್ ಮಾತು ಹತ್ತಿರ. ಆಡಳಿತ ನಡೆಸುವವರಿಗೆ ಇದರಿಂದ ಬರುವ ಪಾಠ ಸರಳ. ಮೊದಲ ಬಗೆಯ ಮನೆಗೆ ಹಣದ ಮೊತ್ತದಷ್ಟೇ ಅದು ಬರುವ ತಾರೀಖೂ ಮುಖ್ಯ: ಮೂರು ತಿಂಗಳ 6,000 ಒಟ್ಟಿಗೆ ಬಂದರೆ, ಆ ನಡುವೆ ಬಿಟ್ಟುಹೋದ ಊಟ ಮರಳಿ ಬರುವುದಿಲ್ಲ. ಎರಡನೆಯ ಬಗೆಯ ಮನೆ ಆ ತಡವನ್ನು ತಾನೇ ಸಂಭಾಳಿಸಿಕೊಳ್ಳುತ್ತದೆ.