ಹಾಲು ಕಲ್ಲಿಗಿರಲಿ

ಹಲಸೂರಿನ ಅರಳಿಕಟ್ಟೆಯ ನಾಗರಕಲ್ಲುಗಳ ಮೇಲೆ ನನಗೆ ಗೌರವವಿದೆ. ಹೆಣೆದುಕೊಂಡ ಆ ಜೋಡಿಹಾವು ಸಂತಾನದ ಹರಕೆ. ಕಲ್ಲನ್ನು ತಿಂಗಳುಗಟ್ಟಲೆ ನೀರಿನಲ್ಲಿಟ್ಟು, ಅದಕ್ಕೆ ಜೀವ ಬಂದಿತೆಂದು ನಂಬಿದ ಮೇಲೆಯೇ ಅರಳಿ-ಬೇವುಗಳ ನೆರಳಿನಲ್ಲಿ ಪ್ರತಿಷ್ಠಿಸುವ ವಾಡಿಕೆಯಿತ್ತು.

ನನ್ನ ಜಗಳವಿರುವುದು ನಾಗರಪಂಚಮಿಯಂದು ಬುಟ್ಟಿಯ ಹಾವಿಗೆ ಹಾಲೆರೆಯುವವರೊಡನೆ. “ಕುಡಿಯಿತಲ್ಲ ಸ್ವಾಮಿ, ಕಣ್ಣಾರೆ ಕಂಡೆ!” ಎನ್ನುತ್ತಾರೆ ನೆರೆಮನೆಯ ರಾಯರು. ಕುಡಿಯದೇನು ಮಾಡೀತು? ಹಿಡಿದವರು ದಿನಗಟ್ಟಲೆ ನೀರು ಕೊಡದೆ ಬಾಯಾರಿಸಿರುತ್ತಾರೆ. ಹಾಲು ಅದಕ್ಕೆ ಜೀರ್ಣವಾಗದು; ಶ್ವಾಸಕೋಶಕ್ಕೆ ಹೊಕ್ಕರಂತೂ ಸಾವೇ. ಹಲ್ಲು ಕಿತ್ತ ಬಾಯಿ ಹುಣ್ಣಾಗಿರುವುದೂ ಉಂಟು. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಹಾಗೆ ಹಿಡಿಯುವುದೇ ಅಪರಾಧ.

ಪುರಾಣದ ಹಾವು ಪ್ರಾಣಿಯಲ್ಲ, ಭಾವನೆ. ‘ಶೇಷ’ವೆಂದರೆ ಉಳಿದದ್ದು: ಪ್ರಳಯದ ಬಳಿಕ ಉಳಿದು ಮುಂದಿನ ಸೃಷ್ಟಿಗೆ ಹಾಸಿಗೆಯಾದದ್ದು. ಮುಚಲಿಂದ ಮಳೆಯಲ್ಲಿ ಬುದ್ಧನಿಗೆ ಹೆಡೆಯ ಕೊಡೆ ಹಿಡಿದ. ಈಜಿಪ್ಟಿನವರ ಸೂರ್ಯ ಸತ್ತವರ ಲೋಕದಲ್ಲಿ ಇರುಳು ಪಯಣಿಸುವಾಗ ಸುತ್ತುವರಿದು ಕಾಯುವುದು ಮೆಹೆನ್ ಎಂಬ ಹಾವು. ನುಂಗಬರುವ ಅಪೆಪ್ ಕೂಡ ಹಾವೇ. ಇವರಾರಿಗೂ ಹಾಲು ಬೇಕಿಲ್ಲ.

ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ಹಾಲು ಅಲ್ಲಿಗೆ ಸಲ್ಲಲಿ, ಹಾವು ಹುತ್ತದಲ್ಲಿರಲಿ.